ಅಟ್ಟದ ಅಡಿಕೆಯೋ, ಠೇವಣಿಯೋ, ಪಿಪಿಎಫೋ: ಕಾಸರಗೋಡಿನ ಅಡಿಕೆ ಕೃಷಿಕರಿಗೊಂದು ಹೋಲಿಕೆ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಳೆ ಮನೆಗಳಲ್ಲಿ ಉಳಿತಾಯ ಎಂದರೆ ಅಟ್ಟದಲ್ಲಿ ಪೇರಿಸಿಟ್ಟ ಚಾಲಿ ಗೋಣಿ. ದುಡ್ಡು ಬೇಕಾದಾಗ ಎರಡು ಗೋಣಿ ಇಳಿಸುವುದು, ಮಾರುವುದು. ಈ ಪದ್ಧತಿಗೆ ಅದರದ್ದೇ ಲೆಕ್ಕಾಚಾರವಿದೆ, ಅದನ್ನು ದಡ್ಡತನ ಎನ್ನುವಂತಿಲ್ಲ. ಆದರೆ ಅದೇ ಗೋಣಿ ಮಳೆಗಾಲದ ಖರ್ಚಿಗೂ ಆಗಬೇಕು, ಕೊಳೆರೋಗದ ವರ್ಷಕ್ಕೂ ಆಗಬೇಕು, ಮುಪ್ಪಿಗೂ ಆಗಬೇಕು ಎಂದು ಹೊರಟರೆ ಲೆಕ್ಕ ತಪ್ಪುತ್ತದೆ. ಮೂರೂ ಬೇರೆ ಬೇರೆ ಅಗತ್ಯಗಳು, ಪ್ರತಿಯೊಂದಕ್ಕೂ ಹೊಂದುವ ಜಾಗ ಬೇರೆ.

ಹೋಲಿಕೆ ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಲೆಕ್ಕ ಇಟ್ಟುಕೊಳ್ಳೋಣ. ಎರಡು ಎಕರೆ ಅಡಿಕೆ, ಹೆಚ್ಚುಕಡಿಮೆ 1,000 ಮರ. ಮರಕ್ಕೆ ಒಂದೂವರೆ ಕಿಲೋ ಚಾಲಿಯಂತೆ 15 ಕ್ವಿಂಟಾಲ್. ಕಿಲೋಗೆ 400 ರೂಪಾಯಿ ಎಂದು ಹಿಡಿದರೆ 6 ಲಕ್ಷ. ಕಾಳುಮೆಣಸು, ತೆಂಗು ಸೇರಿ ಇನ್ನೊಂದು 50,000. ಮದ್ದು, ಗೊಬ್ಬರ, ಕೊಯ್ಲು, ಸುಲಿಯುವ ಕೂಲಿ ಎಲ್ಲ ಸೇರಿ 2.25 ಲಕ್ಷ ಖರ್ಚು. ಮನೆಖರ್ಚು ತಿಂಗಳಿಗೆ 22,000, ಅಂದರೆ ವರ್ಷಕ್ಕೆ 2.64 ಲಕ್ಷ. ಉಳಿಯುವುದು 1.6 ಲಕ್ಷ. ಯಜಮಾನರಿಗೆ 45, ಮನೆಯವರಿಗೆ 38 ವಯಸ್ಸು. ನಿಮ್ಮ ತೋಟದ ಅಂಕಿ ಬೇರೆ ಇದ್ದೀತು, ಅದನ್ನು ಹಾಕಿಕೊಂಡು ಓದಿ.

ಮಳೆಗಾಲದ ದುಡ್ಡು ಉಳಿತಾಯವೇ ಅಲ್ಲ

ಮೊದಲ ಕೊಯ್ಲು ನವೆಂಬರ್ ಕೊನೆಗೆ. ಅಂಗಳದಲ್ಲಿ 40–45 ಬಿಸಿಲು ಬಿದ್ದು, ಸುಲಿದು, ಹೆಕ್ಕಿ ಅಂಗಡಿಗೋ ಕ್ಯಾಂಪ್ಕೊಗೋ ಹೋಗುವಾಗ ಜನವರಿ ದಾಟಿರುತ್ತದೆ. ಮೇ ತಿಂಗಳಿಗೆ ಮಾರಾಟ ಮುಗಿಯಿತು ಎಂದುಕೊಳ್ಳಿ. ಜೂನ್‌ನಿಂದ ಡಿಸೆಂಬರ್‌ವರೆಗೆ ಏಳು ತಿಂಗಳು ಕೈಗೆ ದೊಡ್ಡ ಮೊತ್ತ ಬರುವುದಿಲ್ಲ. ಮನೆಗೇ 1.54 ಲಕ್ಷ ಬೇಕು. ಮದ್ದು ಬಿಡುವುದು, ಕಳೆ ತೆಗೆಸುವುದು, ಗೊಬ್ಬರ, ಮೊದಲ ಕೊಯ್ಲಿನ ಕೂಲಿ ಎಂದು ತೋಟಕ್ಕೆ ಇನ್ನೊಂದು ಲಕ್ಷ. ಒಟ್ಟು ಎರಡೂವರೆ ಲಕ್ಷ.

ಏಪ್ರಿಲ್‌ನಲ್ಲಿ ಪಾಸ್‌ಬುಕ್ಕಿನಲ್ಲಿ ಕಾಣುವ ಹಣದಲ್ಲಿ ಈ ಎರಡೂವರೆ ಲಕ್ಷ ಆಗಲೇ ಖರ್ಚಾದ ಹಾಗೆ, ಬಿಲ್ ಬರುವುದು ಮಾತ್ರ ಬಾಕಿ. ಇದನ್ನು ಮರೆತು ಅಷ್ಟನ್ನೂ ಚಿನ್ನಕ್ಕೋ ಐದು ವರ್ಷದ ಠೇವಣಿಗೋ ಹಾಕಿದವರು ಆಗಸ್ಟ್‌ನಲ್ಲಿ ಅದೇ ಚಿನ್ನ ಅಡವಿಡಲು ಹೋಗುತ್ತಾರೆ.

ಇದಕ್ಕೆ ಊರಿನ ಸೇವಾ ಸಹಕಾರಿ ಬ್ಯಾಂಕೋ ವಾಣಿಜ್ಯ ಬ್ಯಾಂಕೋ ಎಂಬ ಪ್ರಶ್ನೆಯಲ್ಲಿ ಬಡ್ಡಿಯ ಮುಖ ನೋಡುವ ಅಗತ್ಯವಿಲ್ಲ. 1.8 ಲಕ್ಷಕ್ಕೆ ಅರ್ಧ ವರ್ಷಕ್ಕೆ ಶೇ. 1 ಹೆಚ್ಚು ಸಿಕ್ಕರೂ ಲಾಭ 900 ರೂಪಾಯಿ. ನೋಡಬೇಕಾದದ್ದು ಬೇಕಾದ ದಿನ ಕೈಗೆ ಸಿಗುತ್ತದೆಯೇ ಎಂಬುದು. 70,000 ಉಳಿತಾಯ ಖಾತೆಯಲ್ಲಿರಲಿ, ಜೂನ್ ಜುಲೈಗೆ ಅದು. ಮಿಕ್ಕಿದ್ದನ್ನು ಮೂರು ಠೇವಣಿಯಾಗಿ ಒಡೆದು, ಒಂದು ಎರಡನೇ ಸಲ ಮದ್ದು ಬಿಡುವ ಹೊತ್ತಿಗೆ, ಒಂದು ಗೊಬ್ಬರದ ಹೊತ್ತಿಗೆ, ಇನ್ನೊಂದು ಕೊಯ್ಲಿನ ಕೂಲಿಯ ಹೊತ್ತಿಗೆ ಅವಧಿ ಮುಗಿಯುವಂತೆ ಇಡಿ. ಒಂದೇ ದೊಡ್ಡ ಠೇವಣಿ ಇಟ್ಟರೆ ಹತ್ತು ಸಾವಿರಕ್ಕಾಗಿ ಅಷ್ಟನ್ನೂ ಮುರಿಯಬೇಕಾದೀತು.

ತೋಟದ ಆ ಒಂದು ಲಕ್ಷಕ್ಕೆ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ ತೆಗೆಯುವುದೂ ಸರಿಯೇ. 3 ಲಕ್ಷದವರೆಗಿನ ಬೆಳೆಸಾಲಕ್ಕೆ ಶೇ. 7 ಬಡ್ಡಿ, ಸರಿಯಾದ ಸಮಯಕ್ಕೆ ಕಟ್ಟಿದವರಿಗೆ ಶೇ. 3 ರಿಯಾಯಿತಿ, ಕೊನೆಗೆ ಬೀಳುವುದು ಶೇ. 4. ಇದರಲ್ಲಿ ಜಾಣತನ ಇರುವುದು ಸಾಲ ತೆಗೆಯುವ ತಿಂಗಳಿನಲ್ಲಿ. ಡಿಸೆಂಬರ್‌ನಲ್ಲಿ ತೆಗೆದರೆ ಮುಂದಿನ ಡಿಸೆಂಬರ್‌ಗೆ ವಾಯಿದೆ ಬರುತ್ತದೆ, ಆಗ ಅಡಿಕೆ ಅಂಗಳದಲ್ಲಿ ಒಣಗುತ್ತಿರುತ್ತದೆ. ಮೇ ಕೊನೆಗೆ ತೆಗೆದರೆ ಮಾರಾಟ ಮುಗಿದ ಮೇಲೆ ವಾಯಿದೆ.

ಅಟ್ಟದಲ್ಲಿಡುವುದರ ನಿಜವಾದ ಬೆಲೆ

ಹೊಸ ಅಡಿಕೆಗಿಂತ ಹಳತಕ್ಕೆ ಧಾರಣೆ ಹೆಚ್ಚು ಸಿಗುವ ವರ್ಷಗಳುಂಟು. ಕೊಯ್ಲಿನ ಹೊತ್ತಿಗೆ ಎಲ್ಲರೂ ಒಟ್ಟಿಗೆ ಮಾರುವಾಗ ಸುಮ್ಮನಿದ್ದು, ಮಳೆಗಾಲದಲ್ಲಿ ಆವಕ ಕಡಿಮೆಯಾದಾಗ ಇಳಿಸಿದವರಿಗೆ ಲಾಭ ಆದದ್ದೂ ನಿಜ. ಆದರೆ ಎಷ್ಟು ಏರಿದರೆ ಲಾಭ ಎಂದು ಮನೆಯಲ್ಲಿ ಕೂತು ಲೆಕ್ಕ ಹಾಕಿದವರು ಕಡಿಮೆ.

ಒಂದು ಕ್ವಿಂಟಾಲ್ ಇವತ್ತು 40,000. ಮಾರಿ ಶೇ. 6.5 ಬಡ್ಡಿಗೆ ಇಟ್ಟರೆ ವರ್ಷ ಕಳೆದು 42,600. ಇಟ್ಟ ಅಡಿಕೆಯಲ್ಲಿ ತೇವ ಆರಿ, ಹುಳು ಕೊರೆದು, ಒಂದಿಷ್ಟು ಕೆಳದರ್ಜೆಗೆ ಇಳಿದು, ತೂಕದಲ್ಲಿ ಶೇ. 3 ಹೋಯಿತು ಎನ್ನಿ. ಉಳಿದದ್ದು 97 ಕಿಲೋ. ಬ್ಯಾಂಕಿನ ಮೊತ್ತಕ್ಕೆ ಸಮ ಬರಬೇಕಾದರೆ ಧಾರಣೆ 439 ಆಗಬೇಕು. ಅಂದರೆ ಕಿಲೋಗೆ 39 ರೂಪಾಯಿ ಏರುವವರೆಗೆ ಲಾಭ ಶುರುವೇ ಆಗಿಲ್ಲ. ಅರ್ಧ ವರ್ಷ ಮಾತ್ರ ಇಡುವುದಾದರೆ ತೂಕದ ನಷ್ಟವೂ ಅರ್ಧ ಎಂದು ಹಿಡಿದು 20 ರೂಪಾಯಿ ಸಾಕು. ಹಾಗಾಗಿ ಸಣ್ಣ ಅವಧಿಗೆ ಇಡುವುದು ಒಂದು ವ್ಯಾಪಾರದ ನಿರ್ಧಾರ, ಎರಡು ಮೂರು ವರ್ಷ ಇಡುವುದು ಜೂಜಿಗೆ ಹತ್ತಿರ.

ಸಾಲ ಬಾಕಿ ಇಟ್ಟುಕೊಂಡು ಅಡಿಕೆ ಹಿಡಿದಿಡುವುದು ಇನ್ನೂ ದುಬಾರಿ. ವಾಯಿದೆ ತಪ್ಪಿದರೆ ಆ ಶೇ. 3 ರಿಯಾಯಿತಿ ಹೋಯಿತು, 3 ಲಕ್ಷದ ಸಾಲಕ್ಕೆ ವರ್ಷಕ್ಕೆ 9,000. ಧಾರಣೆ ನಾಲ್ಕು ಕಾಸು ಏರಲಿ ಎಂದು ಕಾಯುತ್ತ ಇದನ್ನು ಕಳೆದುಕೊಳ್ಳುವವರಿದ್ದಾರೆ.

ಇಷ್ಟಾದರೂ ನನ್ನ ಮುಖ್ಯ ತಕರಾರು ಬಡ್ಡಿಯದ್ದಲ್ಲ. ಆಪತ್ತಿನ ನಿಧಿ ಬೇಕಾಗುವುದು ಅಡಿಕೆಯ ಆದಾಯ ಬಿದ್ದಾಗ. ಬೆಲೆ ಕುಸಿದು ಆದಾಯ ಬಿದ್ದರೆ ಅಟ್ಟದ ಗೋಣಿಯ ಬೆಲೆಯೂ ಅದೇ ದಿನ ಕುಸಿದಿರುತ್ತದೆ. ಆಮದಿನ ಸುದ್ದಿಗೋ ಗುಟ್ಕಾ ನಿಷೇಧದ ಸುದ್ದಿಗೋ ಧಾರಣೆ 400ರಿಂದ 300ಕ್ಕೆ ಬಂದರೆ 2 ಲಕ್ಷ ಎಂದು ನಂಬಿಕೊಂಡ ಐದು ಕ್ವಿಂಟಾಲ್ ಒಂದೂವರೆ ಲಕ್ಷ ಆಯಿತು. ದುಡ್ಡು ಬೇಕಾದವರೆಲ್ಲ ಆಗಲೇ ಇಳಿಸುವುದರಿಂದ ವ್ಯಾಪಾರಿಗೂ ಅವಸರವಿಲ್ಲ.

ಕೊಳೆ ವರ್ಷದ ನಿಧಿ: ಎಷ್ಟು, ಎಲ್ಲಿ

ಪಟ್ಟಣದವರಿಗೆ ಆರು ತಿಂಗಳ ಸಂಬಳದಷ್ಟು ಇಟ್ಟುಕೊಳ್ಳಿ ಎನ್ನುತ್ತಾರೆ. ಸಂಬಳವೇ ಇಲ್ಲದವರಿಗೆ ಆ ಅಳತೆ ಹೊಂದುವುದಿಲ್ಲ. ನಮ್ಮ ಅಳತೆ ಕೆಟ್ಟ ವರ್ಷದ ಕೊರತೆ.

ಜುಲೈಯಲ್ಲಿ ಮಳೆ ಬಿಡದೆ ಎರಡನೇ ಮದ್ದು ಬಿಡಲಾಗದೆ ಕೊಳೆರೋಗಕ್ಕೆ ಅರ್ಧ ಫಸಲು ಉದುರಿತು ಎಂದುಕೊಳ್ಳಿ. ಅಡಿಕೆಯಿಂದ 3 ಲಕ್ಷ, ಮೆಣಸು ತೆಂಗಿನಿಂದ 50,000. ಕೊಯ್ಲು, ಸುಲಿಯುವ ಕೂಲಿ ಕಡಿಮೆಯಾಗಿ ತೋಟದ ಖರ್ಚು 1.85 ಲಕ್ಷಕ್ಕೆ ಇಳಿದೀತು, ಮನೆಖರ್ಚು ಇಳಿಯುವುದಿಲ್ಲ. ಕೊರತೆ ಸುಮಾರು ಒಂದು ಲಕ್ಷ. ಫಸಲು ಪೂರ್ತಿ ಇದ್ದು ಧಾರಣೆ ಮಾತ್ರ 300ಕ್ಕೆ ಇಳಿದರೆ ಕೈಗೆ ಹತ್ತು ಸಾವಿರದಷ್ಟು ಉಳಿದು ವರ್ಷ ಹೇಗೋ ದಾಟುತ್ತದೆ. ಎರಡೂ ಒಟ್ಟಿಗೆ ಬಂದರೆ ಕೊರತೆ 1.74 ಲಕ್ಷ. ಹಾಗಾಗಿ ಈ ಮನೆಗೆ ಬೇಕಾದ ನಿಧಿ 2 ಲಕ್ಷ. ಅದಕ್ಕಿಂತ ಹೆಚ್ಚು ಇಲ್ಲಿ ಸುಮ್ಮನೆ ಕೂರಿಸುವುದು ಬೇಡ.

ಬೆಳೆವಿಮೆ ಇದೆಯಲ್ಲ ಎನ್ನಬಹುದು. ಹವಾಮಾನ ಆಧಾರಿತ ವಿಮೆ ಮಾಡಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಪರಿಹಾರ ಕೊಡುವುದು ಮಳೆಮಾಪನ ಕೇಂದ್ರದ ಅಂಕಿ ನೋಡಿ, ನಿಮ್ಮ ತೋಟದಲ್ಲಿ ಉದುರಿದ ಕಾಯಿ ಎಣಿಸಿ ಅಲ್ಲ. ಗುಡ್ಡದ ಆಚೆ ಸುರಿದ ಮಳೆ ಲೆಕ್ಕಕ್ಕೆ ಬಂದು ಈಚೆಯದ್ದು ಬಾರದೆ ಇರಬಹುದು. ಬಂದರೂ ಮಕ್ಕಳ ಫೀಸು ಕಟ್ಟುವ ದಿನ ನೋಡಿ ಬರುವುದಿಲ್ಲ.

ಈ 2 ಲಕ್ಷ ಎಲ್ಲಿಡಬೇಕು ಎನ್ನುವಲ್ಲಿ ಮಾತ್ರ ನಾನು ಸುರಕ್ಷತೆಗೆ ಮೊದಲ ಮಣೆ ಹಾಕುತ್ತೇನೆ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಡಿಐಸಿಜಿಸಿಯ ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಇದೆ. ಇದು ವಾಣಿಜ್ಯ ಬ್ಯಾಂಕಿಗೂ ಗ್ರಾಮೀಣ ಬ್ಯಾಂಕಿಗೂ ಕೇರಳ ಬ್ಯಾಂಕಿಗೂ ಅನ್ವಯ. ಪಂಚಾಯತ್ ಮಟ್ಟದ ಸೇವಾ ಸಹಕಾರಿ ಬ್ಯಾಂಕಿಗೆ ಈ ವಿಮೆ ಇಲ್ಲ, ಅದು ಕಾನೂನಿನ ಲೆಕ್ಕದಲ್ಲಿ ಸಂಘ. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಇದನ್ನೇ ಪತ್ರಿಕಾ ಪ್ರಕಟಣೆಯಲ್ಲಿ ಹೇಳಿತ್ತು. ಸಹಕಾರಿ ಸಂಘಗಳ ಠೇವಣಿಗೆ ಕೇರಳ ಸರ್ಕಾರದ ಪ್ರತ್ಯೇಕ ಖಾತ್ರಿ ನಿಧಿ ಉಂಟು. ಆದರೂ 2021ರಲ್ಲಿ ತ್ರಿಶೂರ್ ಜಿಲ್ಲೆಯ ಕರುವನ್ನೂರು ಸೇವಾ ಸಹಕಾರಿ ಬ್ಯಾಂಕಿನ ಹಗರಣ ಹೊರಬಿದ್ದಾಗ ಠೇವಣಿದಾರರು ತಮ್ಮ ಹಣಕ್ಕೆ ವರ್ಷಗಟ್ಟಲೆ ಅಲೆದದ್ದು ಕಣ್ಣಮುಂದಿದೆ.

ಇದರರ್ಥ ಊರ ಸಂಘವನ್ನು ಬಿಟ್ಟುಬಿಡಿ ಎಂದಲ್ಲ. ಸಾಲ, ಗೊಬ್ಬರ, ಮೈಲುತುತ್ತು ಎಲ್ಲ ಅಲ್ಲಿಂದಲೇ ಬರುತ್ತದೆ, ಬಡ್ಡಿಯೂ ತುಸು ಹೆಚ್ಚು. ಮಳೆಗಾಲದ ದುಡ್ಡಿನ ಒಂದು ಪಾಲು ಅಲ್ಲಿರಲಿ. ಕೊಳೆ ವರ್ಷದ ನಿಧಿ ಮಾತ್ರ ವಿಮೆ ಇರುವ ಬ್ಯಾಂಕಿನಲ್ಲಿ, ಗಂಡ ಹೆಂಡತಿಯ ಜಂಟಿ ಹೆಸರಿನಲ್ಲಿ, ಒಂದು ವರ್ಷದ ಠೇವಣಿಯಾಗಿರಲಿ. ಅವಧಿಗೆ ಮುಂಚೆ ಮುರಿದರೆ ಬಡ್ಡಿಯಲ್ಲಿ ಸ್ವಲ್ಪ ಕತ್ತರಿ ಬೀಳುತ್ತದೆ, ಬೀಳಲಿ.

ತಿಂಗಳ ಕಂತಿನ ಯಾವುದನ್ನೂ ಈ ಕೆಲಸಕ್ಕೆ ತರಬೇಡಿ. ಆರ್‌ಡಿ, ಚಿಟ್ಟಿ, ತಿಂಗಳ ಪ್ರೀಮಿಯಂ ಎಲ್ಲ ಸಂಬಳದ ಜಾಯಮಾನದವು. ಅಕ್ಟೋಬರ್‌ನ ಕಂತು ತಪ್ಪಿತು ಎಂದರೆ ದಂಡ, ಚಿಟ್ಟಿಯಲ್ಲಾದರೆ ಲಾಭಾಂಶ ಖೋತಾ. ಜೀವವಿಮೆ ಬೇಕೆಂದಿದ್ದರೆ ವರ್ಷಕ್ಕೊಮ್ಮೆ ಕಟ್ಟುವ ಟರ್ಮ್ ಪಾಲಿಸಿಯನ್ನು ಮಾರ್ಚ್‌ನಲ್ಲಿ ಶುರು ಮಾಡಿ, ಆಗ ಪ್ರತಿ ವರ್ಷದ ವಾಯಿದೆಯೂ ಅಡಿಕೆ ಮಾರಿದ ತಿಂಗಳಿಗೇ ಬೀಳುತ್ತದೆ.

ಮುಪ್ಪಿಗೆ ಯಾವುದು

ಏಜೆಂಟರು ಮೊದಲು ಹೇಳುವುದು ತೆರಿಗೆ ಉಳಿತಾಯ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಬೇರೆ ದೊಡ್ಡ ಆದಾಯ ಇಲ್ಲದವರಿಗೆ ಉಳಿಸಲು ತೆರಿಗೆಯೇ ಇಲ್ಲ. ಆ ಮಾತನ್ನು ಬದಿಗಿಟ್ಟರೆ ಅರ್ಧ ಪಾಲಿಸಿಗಳು ಹೋಲಿಕೆಯಿಂದ ತಾವಾಗಿಯೇ ಹೊರಬೀಳುತ್ತವೆ.

ತೋಟವೇ ಪಿಂಚಣಿ ಎನ್ನುವ ಮಾತಿನಲ್ಲಿ ಸತ್ಯವಿದೆ, ಒಂದು ಮಿತಿಯೂ ಇದೆ. ಮರ ಹತ್ತುವವರು ಸಿಗದ ಕಾಲದಲ್ಲಿ ಎಪ್ಪತ್ತರ ಯಜಮಾನರು ದೋಟಿ ಹಿಡಿಯುವವರ ಹಿಂದೆ ಓಡಾಡಬೇಕು. ಗೇಣಿಗೆ ಕೊಟ್ಟು ನಿಶ್ಚಿಂತೆಯಾಗಿರೋಣ ಎಂದರೆ ಕೇರಳದ ಭೂಸುಧಾರಣಾ ಕಾಯ್ದೆ ಹೊಸ ಗೇಣಿಯನ್ನು ಒಪ್ಪುವುದಿಲ್ಲ. ಫಸಲನ್ನು ಮರದಲ್ಲೇ ಗುತ್ತಿಗೆಗೆ ಮಾರಬಹುದು, ಆದರೆ ಗುತ್ತಿಗೆಯವ ಬುಡಕ್ಕೆ ಗೊಬ್ಬರ ಹಾಕುವುದಿಲ್ಲ. ಐದಾರು ವರ್ಷದಲ್ಲಿ ಮರ ಅದನ್ನು ಹೇಳುತ್ತದೆ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ ಬಂದ ತೋಟಗಳ ಪಾಡು ಸುಳ್ಯದ ಕಡೆಯ ನೆಂಟರನ್ನು ಕೇಳಿದರೆ ಗೊತ್ತಾಗುತ್ತದೆ.

ಪ್ರಧಾನಮಂತ್ರಿ ಕಿಸಾನ್ ಮಾನ್‌ಧನ್ ಯೋಜನೆಗೆ ಸೇರಲು ವಯಸ್ಸು 18ರಿಂದ 40, ಜಮೀನು 2 ಹೆಕ್ಟೇರಿನೊಳಗೆ. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ, ಅಷ್ಟನ್ನೇ ಸರ್ಕಾರವೂ ಹಾಕುತ್ತದೆ. 60ರ ನಂತರ ತಿಂಗಳಿಗೆ 3,000. ಪಿಎಂ ಕಿಸಾನ್ ಹಣದಿಂದಲೇ ಕಡಿತ ಮಾಡಿಸಬಹುದಾದ್ದರಿಂದ ಕಂತು ತಪ್ಪುವ ಭಯವಿಲ್ಲ. ನಮ್ಮ ಲೆಕ್ಕದ ಯಜಮಾನರಿಗೆ ಅವಕಾಶ ಮುಗಿದಿದೆ, 38ರ ಮನೆಯವರ ಹೆಸರಿನಲ್ಲಿ ಆಗುತ್ತದೆಯೇ ಎಂದು ವಿಚಾರಿಸಬಹುದು. ಆದರೆ ಬೆಲೆಯೇರಿಕೆ ವರ್ಷಕ್ಕೆ ಶೇ. 5 ಎಂದರೂ 22 ವರ್ಷ ಕಳೆದು ಸಿಗುವ 3,000ಕ್ಕೆ ಇವತ್ತಿನ ಒಂದು ಸಾವಿರದಷ್ಟೇ ಬೆಲೆ. ಔಷಧಿಯ ಖರ್ಚಿಗಾದೀತು. ಸೇರಿ, ಆದರೆ ಇದನ್ನೇ ನೆಚ್ಚಿ ಕೂರಬೇಡಿ. ಕೇರಳದ ಕೃಷಿಕರ ಕ್ಷೇಮನಿಧಿ ಮಂಡಳಿಯ ವಿಚಾರವನ್ನೂ ಕೃಷಿಭವನದಲ್ಲಿ ಅದೇ ದಿನ ಕೇಳಿಬಿಡಿ.

ಉಳಿದದ್ದು ರಾಷ್ಟ್ರೀಯ ಪಿಂಚಣಿ ಯೋಜನೆಯಾದ ಎನ್‌ಪಿಎಸ್ ಮತ್ತು ಸಾರ್ವಜನಿಕ ಭವಿಷ್ಯ ನಿಧಿಯಾದ ಪಿಪಿಎಫ್. ಎರಡೂ ತಿಂಗಳ ಕಂತು ಕೇಳುವುದಿಲ್ಲ. ಎನ್‌ಪಿಎಸ್‌ನಲ್ಲಿ ವರ್ಷಕ್ಕೆ 1,000, ಪಿಪಿಎಫ್‌ನಲ್ಲಿ 500 ಹಾಕಿದರೆ ಖಾತೆ ಜೀವಂತ. ಎನ್‌ಪಿಎಸ್ ಹಣದಲ್ಲಿ ಒಂದು ಪಾಲು ಷೇರುಪೇಟೆಗೆ ಹೋಗುವುದರಿಂದ ಬೆಳೆಯುವ ಅವಕಾಶ ಹೆಚ್ಚು, ಏರಿಳಿತವೂ ಹೆಚ್ಚು. ಕೊನೆಗೆ ಒಂದು ಪಾಲಿನಿಂದ ವಾರ್ಷಿಕ ಪಿಂಚಣಿ ಕೊಳ್ಳಲೇಬೇಕು, ನಡುವೆ ಕೈಹಾಕುವುದು ಕಷ್ಟ. ಮೂವತ್ತರ ಆಸುಪಾಸಿನ ಕೃಷಿಕರಿಗೆ ನಾನು ಎನ್‌ಪಿಎಸ್ ಬೇಡ ಎನ್ನುವುದಿಲ್ಲ. ಷೇರುಪೇಟೆ ಬೀಳುವ ಕಾರಣ ಬೇರೆ, ಅಡಿಕೆ ಧಾರಣೆ ಬೀಳುವ ಕಾರಣ ಬೇರೆ, ಹಾಗಾಗಿ ಅದೊಂದು ರೀತಿಯಲ್ಲಿ ಅನುಕೂಲವೇ. 45ರವರಿಗೆ, ಅದೂ ಹಿಂದೆ ಏನೂ ಕೂಡಿಡದವರಿಗೆ, ಮೊದಲು ಪಿಪಿಎಫ್.

ಪಿಪಿಎಫ್ ಬಡ್ಡಿ 2020ರ ಏಪ್ರಿಲ್‌ನಿಂದ ಶೇ. 7.1ರಲ್ಲೇ ನಿಂತಿದೆ, ಬಡ್ಡಿಗೆ ತೆರಿಗೆ ಇಲ್ಲ. ವರ್ಷಕ್ಕೆ ಒಬ್ಬರಿಗೆ 1.5 ಲಕ್ಷ ಮಿತಿ. ಅಡಿಕೆಯವರಿಗೆ ಇದು ಒದಗಿಬರುವುದು ತಾರೀಕಿನ ಕಾರಣಕ್ಕೆ. ಪ್ರತಿ ತಿಂಗಳು 5ನೇ ತಾರೀಕಿನಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಶಿಲ್ಕಿಗೆ ಬಡ್ಡಿ ಲೆಕ್ಕ ಹಾಕುತ್ತಾರೆ. ಏಪ್ರಿಲ್ 5ರೊಳಗೆ ಒಂದು ಲಕ್ಷ ಹಾಕಿದರೆ ಆ ವರ್ಷವೇ 7,100 ಬಡ್ಡಿ. ಅದೇ ಲಕ್ಷವನ್ನು ಮುಂದಿನ ಮಾರ್ಚ್ 20ಕ್ಕೆ ಹಾಕಿದರೆ ಆ ವರ್ಷಕ್ಕೆ ಸೊನ್ನೆ. ಸಂಬಳದವರು ಮಾರ್ಚ್ ಕೊನೆಗೆ ಪರದಾಡಿ ಹಾಕುತ್ತಾರೆ. ನಮ್ಮಲ್ಲಿ ಫೆಬ್ರವರಿ, ಮಾರ್ಚ್‌ನ ಮಾರಾಟದ ಹಣ ಏಪ್ರಿಲ್ ಒಂದಕ್ಕೆ ಕೈಯಲ್ಲಿರುತ್ತದೆ.

ಖಾತೆ ತೆರೆಯುವುದು ಮಾತ್ರ ಮಾರ್ಚ್‌ನಲ್ಲಿ. ಹದಿನೈದು ವರ್ಷದ ಅವಧಿ ಎಣಿಸುವುದು ಖಾತೆ ತೆರೆದ ಹಣಕಾಸು ವರ್ಷದ ಕೊನೆಯಿಂದ. 2027ರ ಮಾರ್ಚ್‌ನಲ್ಲಿ 500 ರೂಪಾಯಿಗೆ ತೆರೆದರೆ 2042ರ ಮಾರ್ಚ್ ಕೊನೆಗೆ ಅವಧಿ ಮುಗಿಯುತ್ತದೆ. ಹದಿನೈದು ದಿನ ಕಾದು ಏಪ್ರಿಲ್‌ನಲ್ಲಿ ತೆರೆದರೆ 2043. ದೊಡ್ಡ ಮೊತ್ತ ಏಪ್ರಿಲ್ ಮೊದಲ ವಾರ ಹಾಕಿ.

ನಮ್ಮ ಲೆಕ್ಕದ ಮನೆಯಲ್ಲಿ ವರ್ಷದ ಉಳಿಕೆ 1.6 ಲಕ್ಷ. ಮೊದಲ ವರ್ಷ 1 ಲಕ್ಷ ಕೊಳೆ ವರ್ಷದ ನಿಧಿಗೆ, 60,000 ಪಿಪಿಎಫ್‌ಗೆ. ಎರಡನೇ ವರ್ಷವೂ ಹಾಗೆಯೇ. ನಿಧಿ 2 ಲಕ್ಷ ಮುಟ್ಟಿತು. ಮೂರನೇ ವರ್ಷದಿಂದ ಪಿಪಿಎಫ್‌ಗೆ ಒಂದು ಲಕ್ಷ, ಉಳಿದ 60,000 ತೋಟಕ್ಕೆ: ಸತ್ತ ಮರದ ಜಾಗಕ್ಕೆ ಹೊಸ ಸಸಿ, ಪಂಪಿನ ರಿಪೇರಿ, ಮದುವೆ ಮುಂಜಿ. ಕೊಳೆ ಬಂದ ವರ್ಷ ಪಿಪಿಎಫ್‌ಗೆ 500 ಮಾತ್ರ ಹಾಕಿ ಸುಮ್ಮನಿರಿ. ಅದೂ ತಪ್ಪಿದರೆ ವರ್ಷಕ್ಕೆ 50 ರೂಪಾಯಿ ದಂಡ ಮತ್ತು ಬಾಕಿ 500 ಕಟ್ಟಿ ಖಾತೆ ಎಬ್ಬಿಸಬಹುದು. ಮುಂದಿನ ಫಸಲಿನ ಮೊದಲ ಪಾಲು ನಿಧಿ ತುಂಬಲು ಹೋಗಬೇಕು, ಪಿಪಿಎಫ್ ಆಮೇಲೆ. ಈ ಕ್ರಮ ತಿರುಗುಮುರುಗಾದರೆ ಎರಡನೇ ಕೆಟ್ಟ ವರ್ಷಕ್ಕೆ ಕೈ ಬರಿದಾಗಿರುತ್ತದೆ.

ಪ್ರತಿ ಏಪ್ರಿಲ್‌ನಲ್ಲಿ 60,000ದಂತೆ ಹದಿನೈದು ವರ್ಷಕ್ಕೆ, ಬಡ್ಡಿ ಹೀಗೇ ಇದ್ದರೆ, 16.27 ಲಕ್ಷ. ಒಂದು ಲಕ್ಷದಂತೆ ಆದರೆ 27 ಲಕ್ಷ ದಾಟುತ್ತದೆ. ಮೇಲಿನ ಕ್ರಮದಲ್ಲಿ ಒಂದೆರಡು ಕೆಟ್ಟ ವರ್ಷ ಕಳೆದರೆ ಎರಡರ ನಡುವೆ, 22 ಲಕ್ಷದ ಆಸುಪಾಸು ಎಂದು ಹಿಡಿಯಿರಿ. 60 ತುಂಬಿದ ಮೇಲೆ ಅದು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹೋದರೆ, ಈಗಿನ ಶೇ. 8.2ರಂತೆ ಮೂರು ತಿಂಗಳಿಗೊಮ್ಮೆ ಸುಮಾರು 45,000, ತಿಂಗಳಿಗೆ 15,000. ಅಲ್ಲಿ ಒಬ್ಬರಿಗೆ 30 ಲಕ್ಷ ಮಿತಿ, ಇದು ಅದರೊಳಗಿದೆ. ಇವತ್ತಿನ 22,000ದ ಮನೆಖರ್ಚು ಶೇ. 5 ಬೆಲೆಯೇರಿಕೆಯಲ್ಲಿ ಆಗ 45,000 ಮುಟ್ಟಿರುತ್ತದೆ. ಅಂದರೆ ಮೂರರಲ್ಲಿ ಒಂದು ಪಾಲು ಇಲ್ಲಿಂದ ಬರುತ್ತದೆ, ಎರಡು ಪಾಲನ್ನು ತೋಟವೇ ಕೊಡಬೇಕು. ಧಾರಣೆ 500 ದಾಟಿದ ವರ್ಷ ಬರುವ ಹೆಚ್ಚುವರಿ ಒಂದೂವರೆ ಲಕ್ಷವನ್ನು ಕಾರಿನ ಮುಂಗಡಕ್ಕೆ ಕೊಡುವ ಮುಂಚೆ ಈ ಎರಡು ಪಾಲಿನ ಲೆಕ್ಕ ನೋಡಬೇಕು. ಮನೆಯವರ ಹೆಸರಿನಲ್ಲಿ ಇನ್ನೊಂದು ಪಿಪಿಎಫ್ ಖಾತೆ ಇದ್ದರೆ ಅದು ಹೋಗಬೇಕಾದ ಜಾಗ ಅದೇ. ಅವರು ಏಳು ವರ್ಷ ಚಿಕ್ಕವರು, ಆ ದುಡ್ಡು ಹೆಚ್ಚು ಕಾಲ ಬೇಕಾಗುವುದೂ ಅವರಿಗೇ.